ಗೆದ್ದವನು ಜಾಣನೋ, ಅದೃಷ್ಟಶಾಲಿಯೋ?

ಇಂಗ್ಲೆಂಡಿನಲ್ಲಿ ಟೆನಿಸ್ ಪಂದ್ಯಗಳ ಮೇಲೆ ಬಾಜಿ ಕಟ್ಟುವ ಇಬ್ಬರನ್ನು ಕಲ್ಪಿಸಿಕೊಳ್ಳೋಣ. ಆ ದೇಶದಲ್ಲಿ ಇದು ಕಾನೂನಿಗೆ ಒಳಪಟ್ಟ ವ್ಯವಹಾರ. ಯಾವ ಬಾಜಿಯನ್ನು ಯಾವ ಗಳಿಗೆಯಲ್ಲಿ ಯಾವ ದರಕ್ಕೆ ಕಟ್ಟಲಾಯಿತು ಎಂಬುದಕ್ಕೆಲ್ಲ ಲೆಕ್ಕ ಉಳಿಯುತ್ತದೆ. ನಮ್ಮ ಇಬ್ಬರಲ್ಲಿ ಒಬ್ಬನಿಗೆ ಜಾನ್ ಎಂದೂ ಇನ್ನೊಬ್ಬನಿಗೆ ಪೀಟರ್ ಎಂದೂ ಹೆಸರಿಡೋಣ. ಒಂದು ವರ್ಷದಲ್ಲಿ ಇಬ್ಬರೂ ತಲಾ ಒಂದೊಂದು ಪೌಂಡಿನ 200 ಬಾಜಿಗಳನ್ನು ಕಟ್ಟಿದರು.

ಜಾನ್ ಪಡೆದ ದರ 1.95. ಎಂದರೆ, ಒಂದು ಪೌಂಡನ್ನು ಕಟ್ಟಿ ಗೆದ್ದರೆ ಕಟ್ಟಿದ ಹಣವೂ ಸೇರಿ 1.95 ಪೌಂಡು ಕೈಗೆ ಬರುತ್ತದೆ. ಸೋತರೆ ಏನೂ ಇಲ್ಲ. ಅವನು 112 ಬಾರಿ ಗೆದ್ದು 18 ಪೌಂಡಿಗೂ ಮಿಕ್ಕ ಲಾಭ ಮಾಡಿದನು. ಪೀಟರ್ ಪಡೆದ ದರ 2.05. ಆದರೆ ಅವನು ಗೆದ್ದದ್ದು 96 ಬಾರಿ ಮಾತ್ರ. ವರ್ಷದ ಕೊನೆಗೆ ಮೂರು ಪೌಂಡಿನಷ್ಟು ನಷ್ಟ. ಜಾನ್ ಈಗ ನೌಕರಿಯನ್ನು ಬಿಟ್ಟು, ಇದನ್ನೇ ವೃತ್ತಿಯಾಗಿ ಹಿಡಿದು, ತನ್ನ ಆಯ್ಕೆಗಳನ್ನು ಇತರರಿಗೆ ಮಾರಲು ಯೋಚಿಸುತ್ತಿದ್ದಾನೆ. ಪೀಟರ್ ಇದರ ಸಹವಾಸವೇ ಸಾಕೆನ್ನುತ್ತಿದ್ದಾನೆ. ಇಬ್ಬರ ನಿರ್ಧಾರವೂ ಸರಿಯೆ?

ಮೊದಲು ನಾಣ್ಯವನ್ನು ಚಿಮ್ಮಿ ನೋಡೋಣ. ನಾಣ್ಯವನ್ನು 200 ಸಲ ಚಿಮ್ಮಿದರೆ ಸರಾಸರಿಯಾಗಿ 100 ಸಲ ತಲೆ ಬೀಳಬೇಕು. ಆದರೆ ಸರಿಯಾಗಿ ನೂರೇ ಬೀಳುವುದು ಅಪರೂಪ. ಎಷ್ಟು ಹೆಚ್ಚುಕಡಮೆಯಾಗುವುದು ಸಹಜ ಎಂಬುದಕ್ಕೆ ಗಣಿತದಲ್ಲಿ ಒಂದು ಸುಲಭ ಸೂತ್ರವುಂಟು: ಚಿಮ್ಮಿದ ಸಂಖ್ಯೆಯ ವರ್ಗಮೂಲದ ಅರ್ಧ. 200ರ ವರ್ಗಮೂಲ ಸುಮಾರು 14. ಅದರ ಅರ್ಧ 7. ಈ ಏಳನ್ನು ಮಾನಕ ವಿಚಲನೆ ಎನ್ನುತ್ತಾರೆ. 112 ಸಲವೋ ಅದಕ್ಕಿಂತ ಹೆಚ್ಚೋ ತಲೆ ಬೀಳುವ ಸಂಭವ ನೂರಕ್ಕೆ ಐದರಷ್ಟಿದೆ. ಆಟದ ಗಂಧಗಾಳಿಯಿಲ್ಲದ ಸಾವಿರ ಜನ ಹೀಗೆ ಬಾಜಿ ಕಟ್ಟಿದರೂ ಅವರಲ್ಲಿ ಸುಮಾರು ಐವತ್ತು ಜನ ಜಾನನಷ್ಟೇ ಗೆದ್ದಿರುತ್ತಾರೆ! ಉಳಿದ ಒಂಬೈನೂರೈವತ್ತು ಜನ ಮಾತನಾಡುವುದಿಲ್ಲ. ಆ ಐವತ್ತು ಜನರ ದನಿ ಮಾತ್ರ ನಮ್ಮ ಕಿವಿಗೆ ಬೀಳುತ್ತದೆ. ಇನ್ನು 96 ಅಥವಾ ಅದಕ್ಕಿಂತ ಕಡಮೆ ಗೆಲವು ಬರುವುದಂತೂ ನೂರಕ್ಕೆ ಮೂವತ್ತು ಸಲ ನಡೆಯತಕ್ಕ ಸಂಗತಿ. ಪೀಟರನ ನಷ್ಟದಿಂದ ಏನನ್ನೂ ತೀರ್ಮಾನಿಸುವಂತಿಲ್ಲ.

ಹಾಗಾದರೆ ಇನ್ನಷ್ಟು ಕಾಲ ಕಾದು ನೋಡಬಹುದಲ್ಲ ಎಂದು ವಾಚಕರು ಕೇಳಬಹುದು. ಎಷ್ಟು ಕಾಲ ಎಂಬುದೇ ತೊಡಕು. ಒಬ್ಬನ ಜಾಣತನದಿಂದ ಪ್ರತಿ ಪೌಂಡಿಗೆ ಸರಾಸರಿ 0.025 ಪೌಂಡು, ಎಂದರೆ ನೂರಕ್ಕೆ ಎರಡೂವರೆ, ಲಾಭ ಬರುವುದೆಂದು ಇಟ್ಟುಕೊಳ್ಳೋಣ. ಈ ವ್ಯವಹಾರದಲ್ಲಿ ಇದು ಸಾಮಾನ್ಯ ಸಾಧನೆಯಲ್ಲ. ಆದರೆ ಒಂದೊಂದು ಬಾಜಿಯ ಏರಿಳಿತ ಸುಮಾರು ಒಂದು ಪೌಂಡು: ಒಂದು ಪೌಂಡು ಬರಬಹುದು, ಇಲ್ಲವೆ ಹೋಗಬಹುದು. ಬಾಜಿಗಳ ಸಂಖ್ಯೆ ಬೆಳೆದಂತೆ ಲಾಭವು ಆ ಸಂಖ್ಯೆಗೆ ಅನುಗುಣವಾಗಿಯೂ ಏರಿಳಿತವು ಅದರ ವರ್ಗಮೂಲಕ್ಕೆ ಅನುಗುಣವಾಗಿಯೂ ಬೆಳೆಯುತ್ತವೆ. ಲಾಭವು ಏರಿಳಿತದ ಎರಡರಷ್ಟಾದ ಮೇಲೆ ಮಾತ್ರ ‘ಇದು ಅದೃಷ್ಟವಲ್ಲ’ ಎಂದು ತಕ್ಕಮಟ್ಟಿಗೆ ಹೇಳಬಹುದು. ಅದಕ್ಕೆ ಬೇಕಾಗುವ ಬಾಜಿಗಳು 6,400. ವರ್ಷಕ್ಕೆ 200ರಂತೆ ಮೂವತ್ತೆರಡು ವರ್ಷ! ಆ ವೇಳೆಗೆ ಆಟಗಾರರೂ ಬದಲಾಗಿರುತ್ತಾರೆ, ಬಾಜಿಗಾರನ ತಲೆಯೂ ನರೆತಿರುತ್ತದೆ.

ಸೋಲುಗೆಲವುಗಳನ್ನು ಬದಿಗಿಟ್ಟು ಬೇರೊಂದನ್ನು ಅಳೆಯುವ ಉಪಾಯ ಇಲ್ಲಿ ನೆರವಿಗೆ ಬರುತ್ತದೆ. ಇದನ್ನು ‘ಕ್ಲೋಸಿಂಗ್ ಲೈನ್ ವ್ಯಾಲ್ಯೂ’ ಎಂದು ಕರೆಯುತ್ತಾರೆ. ಬಾಜಿಗಾರನು ಪಡೆದ ದರವು ಆಟ ಮೊದಲಾಗುವ ಗಳಿಗೆಯ ಕೊನೆಯ ದರಕ್ಕಿಂತ ಎಷ್ಟು ಮೇಲಾಗಿತ್ತು ಎಂಬುದೇ ಇದರ ಅರ್ಥ. ಆ ಕೊನೆಯ ದರವನ್ನು ನಾವು ಮುಕ್ತಾಯ ದರವೆನ್ನೋಣ.

ಬುಕ್ಕಿಯು ಪಂದ್ಯಕ್ಕೆ ಒಂದೆರಡು ದಿನ ಮೊದಲೇ ದರವನ್ನು ಪ್ರಕಟಿಸುತ್ತಾನೆ. ಆಗ ಅವನಿಗೂ ಹೆಚ್ಚೇನೂ ತಿಳಿದಿರುವುದಿಲ್ಲ. ಆದ್ದರಿಂದ ಸಣ್ಣ ಮೊತ್ತಗಳನ್ನು ಮಾತ್ರ ಒಪ್ಪಿಕೊಳ್ಳುತ್ತಾನೆ. ಆಮೇಲೆ ಸುದ್ದಿಗಳು ಬರುತ್ತವೆ. ಒಬ್ಬ ಆಟಗಾರ ಅಭ್ಯಾಸದ ವೇಳೆ ಕುಂಟುತ್ತಿದ್ದನಂತೆ. ಗಾಳಿ ಜೋರಾಗುವ ಸೂಚನೆಯಿದೆಯಂತೆ. ಇಂಥದನ್ನು ಬಲ್ಲವರು ಒಂದು ಕಡೆಗೆ ಹಣ ಹಾಕುತ್ತಾರೆ. ಬುಕ್ಕಿ ಆ ಕಡೆಯ ದರವನ್ನು ಇಳಿಸಿ ಇನ್ನೊಂದು ಕಡೆಯದನ್ನು ಏರಿಸುತ್ತಾನೆ. ಪಂದ್ಯ ಹತ್ತಿರವಾದಂತೆ ದೊಡ್ಡ ಮೊತ್ತಗಳಿಗೂ ಅವಕಾಶವಾಗುತ್ತದೆ. ಹೀಗೆ ಕೊನೆಯ ಗಳಿಗೆಯ ದರದಲ್ಲಿ ಅನೇಕರ ತಿಳಿವಳಿಕೆ ಸೇರಿಕೊಂಡಿರುತ್ತದೆ.

ಅನೇಕರ ಅಂದಾಜನ್ನು ಕೂಡಿಸಿದರೆ ಸತ್ಯಕ್ಕೆ ಎಷ್ಟು ಹತ್ತಿರ ಹೋಗಬಹುದೆಂಬುದನ್ನು ಫ್ರಾನ್ಸಿಸ್ ಗಾಲ್ಟನ್ 1906ರಲ್ಲಿ ಪ್ಲಿಮತ್ ಊರಿನ ದನದ ಜಾತ್ರೆಯಲ್ಲಿ ಕಂಡನು. ಒಂದು ಎತ್ತನ್ನು ಕೊಯ್ದು ಹಸನುಮಾಡಿದ ಮೇಲೆ ಮಾಂಸದ ತೂಕವೆಷ್ಟಾಗುವುದೆಂದು ಜನ ಆರು ಪೆನ್ನಿ ತೆತ್ತು ಊಹಿಸಿದ್ದರು. ಓದಲು ಬರುವಂತಿದ್ದ 787 ಚೀಟಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿದಾಗ ನಡುವಿನದು 1,207 ಪೌಂಡು ತೂಕ. ನಿಜವಾದ ತೂಕ 1,198. ಹಣ ತೆತ್ತು ಊಹಿಸಬೇಕಾದುದರಿಂದ ಹುಡುಗಾಟದ ಚೀಟಿಗಳು ಕಡಮೆಯಾದುವೆಂದು ಗಾಲ್ಟನನ ಅಭಿಪ್ರಾಯ. ಬಾಜಿಯ ಪೇಟೆಯಲ್ಲಿ ಈ ಕಟ್ಟುಪಾಡು ಇನ್ನೂ ಬಿಗಿ: ಹೆಚ್ಚು ಬಲ್ಲೆನೆಂಬುವನು ಹೆಚ್ಚು ಹಣ ಹಾಕುತ್ತಾನೆ, ತಪ್ಪಿದರೆ ಹೆಚ್ಚು ಕಳೆದುಕೊಳ್ಳುತ್ತಾನೆ. ಮುಕ್ತಾಯ ದರವನ್ನು ನಂಬಬಹುದೆ ಎಂಬುದನ್ನು ಪರೀಕ್ಷಿಸಲೂ ಬರುತ್ತದೆ. ಗೆಲ್ಲುವ ಸಂಭವ ನೂರಕ್ಕೆ 54 ಎಂದು ಮುಕ್ತಾಯ ದರ ಸೂಚಿಸಿದ ಸಾವಿರಾರು ಪಂದ್ಯಗಳನ್ನು ಒಟ್ಟುಗೂಡಿಸಿ, ನಿಜವಾಗಿಯೂ ನೂರಕ್ಕೆ 54ರಂತೆ ಗೆದ್ದರೆ ಎಂದು ಎಣಿಸಿದರಾಯಿತು. ಹಣ ಹೇರಳವಾಗಿ ಹರಿಯುವ ದೊಡ್ಡ ಪಂದ್ಯಗಳಲ್ಲಿ ಈ ಲೆಕ್ಕ ಬಹುಮಟ್ಟಿಗೆ ಸರಿಹೊಂದುತ್ತದೆ.

ಆದರೆ ದರದಿಂದ ಸಂಭವವನ್ನು ತೆಗೆಯುವಾಗ ಒಂದು ಎಚ್ಚರಿಕೆ ಬೇಕು. ಒಂದು ಪಂದ್ಯದಲ್ಲಿ ಒಬ್ಬ ಆಟಗಾರನ ಮೇಲೆ 1.95ರ ದರಕ್ಕೆ ಬಾಜಿ ಕಟ್ಟಿದಿರೆನ್ನೋಣ. ಆಟ ಮೊದಲಾಗುವಾಗ ಅವನ ದರ 1.80ಕ್ಕೆ ಇಳಿದಿದೆ, ಎದುರಾಳಿಯದು 2.10. ದರದ ವಿಲೋಮವೇ ಸಂಭವ. 1ನ್ನು 1.80ರಿಂದ ಭಾಗಿಸಿದರೆ 0.556, 2.10ರಿಂದ ಭಾಗಿಸಿದರೆ 0.476. ಎರಡನ್ನೂ ಕೂಡಿಸಿದರೆ 1.032. ಇಬ್ಬರಲ್ಲಿ ಒಬ್ಬ ಗೆಲ್ಲುವುದು ಖಂಡಿತವಾದುದರಿಂದ ಮೊತ್ತ 1 ಆಗಬೇಕಿತ್ತು. ಮೇಲಿನ 0.032 ಎಲ್ಲಿಂದ ಬಂತು? ಅದು ಬುಕ್ಕಿಯ ಪಾಲು. ಅವನು ಎರಡು ಕಡೆಯ ದರವನ್ನೂ ತುಸು ಕಡಮೆಯಾಗಿಯೇ ಇಟ್ಟಿದ್ದಾನೆ. ಈ ಪಾಲನ್ನು ಕಳೆಯಲು 0.556ನ್ನು 1.032ರಿಂದ ಭಾಗಿಸಬೇಕು, ಆಗ ನಿಜವಾದ ಸಂಭವ 0.538 ಎಂದೂ, ಅದಕ್ಕೆ ಸಲ್ಲುವ ನ್ಯಾಯವಾದ ದರ 1.86 ಎಂದೂ ತಿಳಿಯುತ್ತದೆ. ನೀವು ಪಡೆದ 1.95 ಇದಕ್ಕಿಂತ ನೂರಕ್ಕೆ 5ರಷ್ಟು ಮೇಲು. 1.80ರೊಡನೆ ನೇರವಾಗಿ ಹೋಲಿಸಿದ್ದರೆ ನೂರಕ್ಕೆ 8 ಎಂದು ಹಿಗ್ಗುತ್ತಿದ್ದಿರಿ. ಅನೇಕರು ಎಡವುವುದು ಇಲ್ಲಿಯೇ.

ಇದೇ ಅಳತೆಗೋಲನ್ನು ನಮ್ಮ ಇಬ್ಬರಿಗೂ ಹಿಡಿಯೋಣ. ಜಾನ್ ಆರಿಸಿದ ಪಂದ್ಯಗಳ ಮುಕ್ತಾಯ ದರ ಸರಾಸರಿಯಲ್ಲಿ ಎರಡು ಕಡೆಗೂ 1.95, ಪಾಲನ್ನು ಕಳೆದರೆ ನ್ಯಾಯದ ದರ 2.00. ಅವನು ಪಡೆದದ್ದೂ 1.95 ತಾನೆ? ಅಂದಮೇಲೆ ಪ್ರತಿ ಬಾಜಿಯಲ್ಲೂ ನೂರಕ್ಕೆ ಎರಡೂವರೆ ತೆತ್ತಿದ್ದಾನೆ. ಅವನ ಆಯ್ಕೆಯ ಬಳಿಕ ಪೇಟೆ ಅವನ ಕಡೆಗೆ ವಾಲಲೇ ಇಲ್ಲ. ಪೀಟರನ ಪಂದ್ಯಗಳ ಮುಕ್ತಾಯ ದರವೂ 1.95ರಂತೆಯೇ, ನ್ಯಾಯದ ದರ 2.00. ಆದರೆ ಅವನು ಮೊದಲೇ 2.05ಕ್ಕೆ ಕೊಂಡಿದ್ದನು. ಪ್ರತಿ ಬಾಜಿಯಲ್ಲೂ ನೂರಕ್ಕೆ ಎರಡೂವರೆ ಅನುಕೂಲ. ಪೇಟೆ ತಡವಾಗಿ ತಿಳಿದದ್ದನ್ನು ಅವನು ಮುಂಚೆ ತಿಳಿದಿದ್ದನು.

ಇದೂ ಅದೃಷ್ಟವಿರಬಾರದೆ? ಇರಬಹುದು, ಆದರೆ ಇಲ್ಲಿ ಅದೃಷ್ಟಕ್ಕೆ ಜಾಗ ಕಿರಿದು. ಸೋಲುಗೆಲವಿನಲ್ಲಿ ಒಂದು ಬಾಜಿಯ ಏರಿಳಿತ ಪೂರ್ತಿ ಒಂದು ಪೌಂಡಾದರೆ, ದರವು ಕದಲುವುದು ನೂರಕ್ಕೆ ನಾಲ್ಕೈದರಷ್ಟು ಮಾತ್ರ. ನಾಲ್ಕೆಂದು ಹಿಡಿದರೆ, ಇಪ್ಪತ್ತೈದು ಬಾಜಿಗಳ ಸರಾಸರಿಯಲ್ಲಿ ಏರಿಳಿತವು 4ನ್ನು 25ರ ವರ್ಗಮೂಲದಿಂದ ಭಾಗಿಸಿದಷ್ಟು, ಎಂದರೆ 0.8. ಪೀಟರನ ಅನುಕೂಲ 2.5; ಏರಿಳಿತದ ಮೂರರಷ್ಟು. 6,400 ಬಾಜಿಗಳು ಹೇಳಬೇಕಾದುದನ್ನು ಇಪ್ಪತ್ತೈದು ಬಾಜಿಗಳೇ ಪಿಸುಗುಟ್ಟುತ್ತವೆ. ಇನ್ನೂರು ಬಾಜಿಗಳಂತೂ ಗಟ್ಟಿಯಾಗಿಯೇ ನುಡಿಯುತ್ತವೆ.

ಈ ಪರೀಕ್ಷೆಯನ್ನು ಎಲ್ಲೆಂದರಲ್ಲಿ ಹೂಡುವಂತಿಲ್ಲ. ಮುಕ್ತಾಯ ದರವು ಅನೇಕರ ತಿಳಿವಳಿಕೆಯ ಮೊತ್ತವಾಗಿದ್ದರೆ ಮಾತ್ರ ಅದಕ್ಕೆ ಬೆಲೆ. ಯಾರೂ ಕಣ್ಣೆತ್ತಿ ನೋಡದ ಸಣ್ಣ ಪಂದ್ಯದ ದರ ಒಬ್ಬ ಬುಕ್ಕಿಯ ಅಂದಾಜಷ್ಟೆ. ಅಲ್ಲಿ ನಮ್ಮ ಹಣವೇ ದರವನ್ನು ಇಳಿಸಿಬಿಡಬಹುದು. ಆಗ ಆ ಇಳಿತವನ್ನು ನಮ್ಮ ಜಾಣತನಕ್ಕೆ ಸಾಕ್ಷಿಯೆಂದು ತೋರಿಸುವುದು, ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ಒತ್ತಿ ತೂಕ ಹೇಳಿದಂತೆ. ಟಿಪ್ಸ್ ಮಾರುವವರ ವಿಷಯದಲ್ಲಿ ಇದು ಇನ್ನೂ ಮುಖ್ಯ. ಜಾನ್ ನಾಳೆ ಸಾವಿರ ಚಂದಾದಾರರನ್ನು ಗಳಿಸಿದನೆನ್ನೋಣ. ಅವನು ಹೆಸರು ಹೇಳಿದ ಕೂಡಲೆ ಸಾವಿರ ಜನ ಅದೇ ಆಟಗಾರನ ಮೇಲೆ ಮುಗಿಬೀಳುತ್ತಾರೆ, ದರ ಇಳಿಯುತ್ತದೆ. ಜಾನನ ಪಟ್ಟಿಯಲ್ಲಿ ಇಳಿಯುವ ಮೊದಲಿನ ದರವೇ ನಮೂದಾಗಿರುತ್ತದೆ. ಪರೀಕ್ಷೆಯಲ್ಲಿ ಅವನು ಪಾಸು. ಇಳಿದ ದರಕ್ಕೆ ಕೊಂಡ ಚಂದಾದಾರರು ಬಡವರು. ಆದುದರಿಂದ ದರ ಇಳಿಯಿತೆ ಎಂದು ಕೇಳಿದರೆ ಸಾಲದು. ಇಳಿದ ಮೇಲೆ ಹಾಗೆಯೇ ನಿಂತಿತೆ, ಸಾಮಾನ್ಯನಿಗೆ ಆ ಮೊದಲ ದರ ಸಿಕ್ಕುತ್ತಿತ್ತೆ ಎಂದೂ ಕೇಳಬೇಕು.

ಇದಕ್ಕೆ ವಿರುದ್ಧವಾದ ಸಂದರ್ಭವೂ ಉಂಟು. ಇಡೀ ಪೇಟೆಯೇ ಕೊನೆಯವರೆಗೂ ತಪ್ಪು ತಿಳಿದಿದ್ದು, ಒಬ್ಬನು ಮಾತ್ರ ಸರಿಯಾಗಿ ತಿಳಿದಿದ್ದರೆ, ದರ ಕದಲುವುದೇ ಇಲ್ಲ. ಈ ಪರೀಕ್ಷೆ ಅವನನ್ನು ಗುರುತಿಸಲಾರದು. ಅಂಥವನು ಆ ದೀರ್ಘಕಾಲದ ಲೆಕ್ಕವನ್ನೇ ನೆಚ್ಚಬೇಕು. ಕುದುರೆಪಂದ್ಯದ ಟೋಟಿನಲ್ಲಂತೂ ಈ ಮಾತೇ ಏಳುವುದಿಲ್ಲ. ಅಲ್ಲಿ ಎಲ್ಲರ ಹಣವನ್ನೂ ಒಂದೆಡೆ ಸೇರಿಸಿ ಗೆದ್ದವರಿಗೆ ಹಂಚುವುದರಿಂದ, ಮೊದಲು ಕೊಂಡವನಿಗೂ ಕೊನೆಗೆ ಕೊಂಡವನಿಗೂ ಸಿಕ್ಕುವುದು ಒಂದೇ ದರ.

ಬುಕ್ಕಿಗಳಿಗೆ ಈ ಲೆಕ್ಕ ಚೆನ್ನಾಗಿ ಗೊತ್ತು. ಗಿರಾಕಿಯು ಗೆದ್ದನೋ ಸೋತನೋ ಎಂಬುದಕ್ಕಿಂತ ಅವನು ಕೊಂಡ ದರ ಆಮೇಲೆ ಯಾವ ಕಡೆಗೆ ಕದಲಿತೆಂಬುದನ್ನೇ ಅವರು ಗಮನಿಸುತ್ತಾರೆ. ವರ್ಷವೆಲ್ಲ ಗೆದ್ದ ಜಾನನನ್ನು ಅವರು ಆದರದಿಂದ ಬರಮಾಡಿಕೊಂಡಾರು. ಮೂರು ಪೌಂಡು ಕಳೆದುಕೊಂಡ ಪೀಟರನಿಗಾದರೋ, ಇನ್ನು ಮುಂದೆ ಬಾಜಿಯೊಂದಕ್ಕೆ ಕೆಲವೇ ಪೆನ್ನಿಗಳಿಗಿಂತ ಹೆಚ್ಚು ತೆಗೆದುಕೊಳ್ಳಲಾಗದೆಂದು ಸೂಚನೆ ಬಂದರೆ ಆಶ್ಚರ್ಯವಿಲ್ಲ.