ಜೋಮು ಹಿಡಿದ ಮನಸ್ಸು

ಬಹಳ ಹೊತ್ತು ಚಕ್ಕಳಮಕ್ಕಳ ಹಾಕಿ ಕುಳಿತು ಎದ್ದಾಗ ಕಾಲು ಜೋಮು ಹಿಡಿದಿರುವುದುಂಟು. ಕಾಲು ಇದೆ, ನೆಲ ತಾಗಿದ ಅರಿವಿಲ್ಲ. ಮನಸ್ಸಿಗೂ ಇಂಥದೊಂದು ಸ್ಥಿತಿ ಒದಗುತ್ತದೆ. ವರ್ಷಗಟ್ಟಲೆ ರೋಗಿಯ ಶುಶ್ರೂಷೆ ಮಾಡಿದವರು, ಸಾಲದ ಚಿಂತೆಯಲ್ಲಿ ಬೆಂದವರು, ಕಷ್ಟವೆಲ್ಲ ಕಳೆದ ಮೇಲೆ ತಮ್ಮ ಮೆಚ್ಚಿನ ರಾಗವೊಂದನ್ನು ಕೇಳಲು ಕೂಡುತ್ತಾರೆ. ಸ್ವರಗಳು ಕಿವಿಗೆ ಬೀಳುತ್ತವೆ. ಒಳಗೆ ಏನೂ ಮಿಡಿಯುವುದಿಲ್ಲ. ಇದು ದುಃಖವಲ್ಲ, ದುಃಖವೂ ಇಲ್ಲದ ಬರಿದುತನ. ಫ್ರಾನ್ಸಿನ ಮನೋವಿಜ್ಞಾನಿ ರಿಬೊ 1896ರಲ್ಲಿ ಸುಖಾನುಭವದ ಈ ಲೋಪಕ್ಕೆ ‘ಅನ್‌ಹೆಡೋನಿಯ’ ಎಂದು ಹೆಸರಿಟ್ಟನು.

ಆ ಹೆಸರು ಹುಟ್ಟುವ ಮೊದಲೇ ಇದನ್ನು ಅನುಭವಿಸಿ ಬರೆದವನು ಆಂಗ್ಲ ಚಿಂತಕ ಜಾನ್ ಸ್ಟುವರ್ಟ್ ಮಿಲ್. ತಂದೆಯ ಕಟ್ಟುನಿಟ್ಟಿನ ಶಿಕ್ಷಣದಲ್ಲಿ ಮೂರರ ವಯಸ್ಸಿಗೇ ಗ್ರೀಕ್ ಕಲಿಯತೊಡಗಿದ ಅವನಿಗೆ ಆಟಪಾಟದ ಬಾಲ್ಯವೆಂಬುದೇ ಇರಲಿಲ್ಲ. 1826ರ ಶರತ್ಕಾಲದಲ್ಲಿ, ತನ್ನ 20ನೆಯ ವಯಸ್ಸಿನಲ್ಲಿ, ಮೆಚ್ಚಿನ ಪುಸ್ತಕಗಳೂ ಅವನಿಗೆ ಸಪ್ಪೆಯಾದವು. ದಿನದ ಕೆಲಸ ಮಾತ್ರ ಅಭ್ಯಾಸಬಲದಿಂದ ನಡೆದಿತ್ತು. ತಿಂಗಳುಗಳ ತರುವಾಯ ಮಾರ್ಮೊಂಟೆಲ್ ಎಂಬ ಫ್ರೆಂಚ್ ಲೇಖಕನ ಸ್ಮೃತಿಕಥನ ಅವನ ಕೈಗೆ ಬಂತು. ತಂದೆಯನ್ನು ಕಳೆದುಕೊಂಡ ಬಾಲಕ, ಮನೆಯವರಿಗೆ ತಾನೇ ಆಸರೆಯಾಗುವೆನೆಂದು ನಿಶ್ಚಯಿಸುವ ಭಾಗವನ್ನು ಓದುತ್ತ ಮಿಲ್ ಅತ್ತುಬಿಟ್ಟ. ಅಂದಿನಿಂದ ಹೊರೆ ಹಗುರಾಗತೊಡಗಿತು.

ಮೊದಲು ಮರಳಿದ್ದು ಸಂತೋಷವಲ್ಲ, ಕಣ್ಣೀರು ಎಂಬುದನ್ನು ಗಮನಿಸಬೇಕು. ಜೋಮು ಬಿಡುವಾಗ ಕಾಲಿಗೆ ಮೊದಲು ಮುಳ್ಳಾಡಿಸಿದಂತಾಗುವುದಲ್ಲವೆ? ಹಾಗೆಯೇ ಅನೇಕರಿಗೆ ಕಾರಣವಿಲ್ಲದ ಅಳು, ಸಣ್ಣ ಮಾತಿಗೂ ಸಿಡುಕು ಮೊದಲು ಬರುತ್ತವೆ. ಕಾಯಿಲೆ ಹೆಚ್ಚಿತೆಂದು ಮನೆಯವರು ಹೆದರುತ್ತಾರೆ. ಅದು ಚೇತರಿಕೆಯ ಆರಂಭವೂ ಆಗಿರಬಹುದು.

ಇನ್ನೊಂದು ಸಂಗತಿ. ಸುಖದಲ್ಲಿ ಬಯಕೆ ಬೇರೆ, ಸವಿ ಬೇರೆ. ದೀರ್ಘ ಒತ್ತಡದಲ್ಲಿ ಎಷ್ಟೋ ಸಲ ಬಯಕೆ ಬತ್ತಿರುತ್ತದೆ, ಸವಿಯುವ ಶಕ್ತಿ ಅಲ್ಪಸ್ವಲ್ಪ ಉಳಿದಿರುತ್ತದೆ. ಆದ್ದರಿಂದ ಮನಸ್ಸಾದಾಗ ಓದೋಣವೆಂದು ಕಾಯುವವರು ಕಾಯುತ್ತಲೇ ಉಳಿಯುತ್ತಾರೆ. ಮನಸ್ಸಿಲ್ಲದೆಯೇ ದಿನವೂ ಹತ್ತು ನಿಮಿಷ ಓದಬೇಕು, ಇಲ್ಲವೆ ಹಾಡು ಕೇಳಬೇಕು. ತೊಡಗುವ ಮುನ್ನ, ಇದರಿಂದ ಹತ್ತರಲ್ಲಿ ಎಷ್ಟು ಹಿತ ಸಿಕ್ಕೀತು ಎಂದು ಊಹಿಸಿ ಬರೆದಿಡಬೇಕು. ಮುಗಿದ ಮೇಲೆ ಸಿಕ್ಕಿದ್ದೆಷ್ಟೆಂದೂ ಬರೆಯಬೇಕು. ಊಹೆ ಒಂದು, ಅನುಭವ ಮೂರು ಎಂದು ಬಂದರೆ, ಮನಸ್ಸು ಭವಿಷ್ಯವನ್ನು ತಪ್ಪಾಗಿ ಅಳೆಯುತ್ತಿದೆಯೆಂಬುದಕ್ಕೆ ನಮ್ಮ ಕೈಬರಹವೇ ಸಾಕ್ಷಿ.

ಇದಕ್ಕೆ ಮಿತಿಯೂ ಉಂಟು. ಎರಡು ವಾರಗಳಾದರೂ ಬರಿದುತನ ಬಿಡದೆ ನಿದ್ರೆ, ಹಸಿವು ಕೆಟ್ಟಿದ್ದರೆ ವೈದ್ಯರಿಗೆ ತೋರಿಸಬೇಕು; ಖಿನ್ನತೆಯಷ್ಟೇ ಅಲ್ಲದೆ ಥೈರಾಯ್ಡ್ ದೋಷವೂ, ಕೆಲವು ಔಷಧಗಳೂ ಇದಕ್ಕೆ ಕಾರಣವಾಗಬಲ್ಲವು. ಬದುಕೇ ಬೇಡವೆನಿಸಿದರಂತೂ ಒಂದು ದಿನವೂ ತಡಮಾಡಬಾರದು. ಜೋಮು ಹಿಡಿದ ಕಾಲನ್ನು ಯಾರೂ ಬೈಯುವುದಿಲ್ಲ. ಮೆಲ್ಲನೆ ನೆಲಕ್ಕೂರಿ ಒಂದೊಂದೇ ಹೆಜ್ಜೆ ಇಡುತ್ತಾರೆ.