ಮೊಬೈಲ್ ಗೇಮ್‌ನ ಲೈವ್ ತಡೆದು ತಡೆದು ಬರುವುದೇಕೆ?

ಹೆಚ್ಚಿನ ಸಲ ಕಾರಣ ಅಪ್‌ಲೋಡ್ ವೇಗದ ಏರಿಳಿತ. ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲೇ ಆಗಲಿ, ಮೊಬೈಲ್ ಡೇಟಾದಲ್ಲಿ ಟವರ್ ಮೇಲೆ ಜನ ಹೆಚ್ಚಿದಂತೆ ಈ ವೇಗ ಕುಸಿಯುತ್ತದೆ. ಆದ್ದರಿಂದ ಆಡುವ ಹೊತ್ತಿನಲ್ಲೇ ಮೂರು ಸಲ ಅಳೆದು, ಅತಿ ಕಡಿಮೆ ಬಂದದ್ದನ್ನೇ ಲೆಕ್ಕಕ್ಕೆ ಹಿಡಿಯಬೇಕು. ಮಳವಳ್ಳಿಯ ಮನೆಯೊಂದರಲ್ಲಿ ಸಂಜೆ 9, 7, 4 ಎಂಬಿಪಿಎಸ್ ಬಂತೆನ್ನೋಣ. ಆಗ 720p, ಸೆಕೆಂಡಿಗೆ 30 ಫ್ರೇಮ್, 2,500 ಕೆಬಿಪಿಎಸ್ ಸ್ಥಿರ ಬಿಟ್‌ರೇಟ್, 2 ಸೆಕೆಂಡಿಗೊಂದು ಕೀಫ್ರೇಮ್ ಸಾಕು; ಉಳಿದ ವೇಗ ಕುಸಿತಕ್ಕೂ ಆಟಕ್ಕೂ ಮೀಸಲು.

ಯೂಟ್ಯೂಬ್‌ನಲ್ಲಿ ಅತಿ ಕಡಿಮೆ ವಿಳಂಬ ಆರಿಸಿದರೆ ನೋಡುವವರ ಬಫರ್ ಕಿರಿದಾಗಿ ಸಣ್ಣ ತಡೆಯೂ ಕಣ್ಣಿಗೆ ಬೀಳುತ್ತದೆ. ಅದರ ಹಿಂದಿನ ಕಡಿಮೆ ವಿಳಂಬದ ಹಂತವೇ ವಾಸಿ. ಓವರ್‌ಲೇ ನಿಶ್ಚಲವಾಗಿರಲಿ, ಆಟದ ನಕ್ಷೆ ಮುಚ್ಚದಿರಲಿ. ಕುಣಿಯುವ ಚಿತ್ರಗಳು ಬಿಟ್‌ರೇಟನ್ನೂ ಪ್ರೊಸೆಸರನ್ನೂ ತಿನ್ನುತ್ತವೆ. ಫೋನಿನಲ್ಲಿ ಆಟ ಸರಾಗವಾಗಿದ್ದು ಲೈವ್ ಮಾತ್ರ ನಿಂತರೆ ದೋಷ ಹೆಚ್ಚಾಗಿ ನೆಟ್‌ವರ್ಕಿನದು. ಫೋನ್ ಕಾದು ಆಟವೇ ಮುಗ್ಗರಿಸಿದರೆ ಮೊದಲು ಆಟದ ಗ್ರಾಫಿಕ್ಸ್ ಇಳಿಸಬೇಕು.