ಸೋಮವಾರಕ್ಕೆ ಮುಂಚೆ ಬರಬೇಕಾದ ಮೇಲ್

ದಾವಣಗೆರೆಯ ಹುಡುಗಿಯೊಬ್ಬಳು ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದಕ್ಕೆ ಅಕೌಂಟ್ಸ್ ಕೆಲಸಕ್ಕೆ ಸೇರುತ್ತಾಳೆ ಎಂದಿಟ್ಟುಕೊಳ್ಳಿ. ಎಚ್‌ಆರ್‌ನವರು ಅವಳಿಗೆ ಕಳಿಸುವ ಸ್ವಾಗತದ ಮೇಲ್‌ನಲ್ಲಿ ಸಾಮಾನ್ಯವಾಗಿ ಇರುವುದೇನು? ಕಂಪನಿಯ ಹೆಗ್ಗಳಿಕೆ, 'ನಮ್ಮ ಕುಟುಂಬಕ್ಕೆ ಸ್ವಾಗತ' ಎಂಬ ಸಾಲು. ಅವಳಿಗೆ ಬೇಕಿರುವುದು ಗೇಟು ದಾಟುವ ದಾರಿ.

ಗೇಟಿನಲ್ಲಿ ಸೆಕ್ಯುರಿಟಿಯವರು ಮೊದಲು ಕೇಳುವುದು 'ಯಾರನ್ನ ನೋಡಬೇಕು?' ಎಂದು. ಮೇಲ್‌ನಲ್ಲಿ ಆಫೀಸಿನ ಎಕ್ಸ್‌ಟೆನ್ಷನ್ ನಂಬರ್ ಕೊಟ್ಟಿದ್ದರೆ ಹೊರಗೆ ನಿಂತವಳಿಗೆ ಅದು ದಂಡ. ಒಬ್ಬರ ಹೆಸರು, ಮೊಬೈಲ್ ನಂಬರ್ ಇರಲೇಬೇಕು. ಆಫೀಸು 9ಕ್ಕೆ ಶುರುವಾದರೂ ಹೊಸಬರನ್ನು 10ಕ್ಕೆ ಬರಹೇಳುವುದು ಜಾಣತನ. ಅಷ್ಟರಲ್ಲಿ ಗೇಟಿನ ನೂಕುನುಗ್ಗಲು ಕರಗಿರುತ್ತದೆ, ಮ್ಯಾನೇಜರ್ ಕೈಗೆ ಸಿಗುತ್ತಾರೆ. ಮೆಟ್ರೊದ ಹಳದಿ ಮಾರ್ಗದಲ್ಲಿ ಯಾವ ನಿಲ್ದಾಣದಲ್ಲಿ ಇಳಿಯಬೇಕು, ಮಧ್ಯಾಹ್ನದ ಊಟಕ್ಕೆ ಕ್ಯಾಂಟೀನ್ ಇದೆಯೇ, ಡಬ್ಬಿ ತರಬೇಕೇ, ಇವನ್ನೂ ಬರೆದುಬಿಡಬೇಕು. ಫೋನ್ ಮಾಡಿ ಕೇಳಲು ಹೊಸಬರಿಗೆ ಸಂಕೋಚ.

ಇಷ್ಟನ್ನು ಹಿಂದಿನ ಗುರುವಾರ ಕಳಿಸಿದರೂ ನಡೆದೀತು. ದಾಖಲೆಗಳ ವಿಚಾರ ಮಾತ್ರ ಎರಡು ಮೂರು ವಾರ ಮುಂಚೆಯೇ ಹೋಗಬೇಕು. ನಮ್ಮ ಕಡೆ ಅಂಕಪಟ್ಟಿಯಲ್ಲಿ ಹೆಸರಿನ ಮುಂದೆ ಇನಿಷಿಯಲ್ ಮಾತ್ರ ಇರುತ್ತದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಪ್ಯಾನ್‌ನಲ್ಲಿ ಇನ್ನೊಂದು ಥರ. ಹೆಸರು ಹೊಂದದಿದ್ದರೆ ಪಿಎಫ್ ಕೆಲಸ ಅಲ್ಲೇ ತಗಲಿಕೊಳ್ಳುತ್ತದೆ. ತಿದ್ದುಪಡಿಗೆ ಹಿಡಿಯುವ ಸಮಯ ನಮ್ಮ ಕೈಲಿಲ್ಲ. ಹಿಂದಿನ ಕೆಲಸದಲ್ಲಿ ಪಿಎಫ್ ಇದ್ದರೆ ಆ 12 ಅಂಕಿಯ ಯುಎಎನ್ ಅನ್ನೇ ಕೊಡಬೇಕೆಂದೂ ಮೇಲ್ ಹೇಳಬೇಕು. ಅದು ಗೊತ್ತಿಲ್ಲದೆ 'ಹಳೆಯ ಖಾತೆ ಇಲ್ಲ' ಎಂದು ಬರೆದುಕೊಟ್ಟರೆ ಎರಡನೇ ನಂಬರ್ ಹುಟ್ಟಿ, ಹಳೆಯ ದುಡ್ಡು ಹಳೆಯ ನಂಬರಿನಲ್ಲೇ ಉಳಿಯಬಹುದು. ಆಮೇಲೆ ಅದನ್ನು ವರ್ಗಾಯಿಸಿಕೊಳ್ಳುವ ಓಡಾಟ ಅವಳದ್ದೇ.

ಇನ್ನು ಕೆಲಸದ ನಿರೀಕ್ಷೆ. 'ಚುರುಕಾಗಿರಬೇಕು, ಜವಾಬ್ದಾರಿ ಇರಬೇಕು' ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಬಹುದು: 'ಪ್ರತಿ ತಿಂಗಳು 20ಕ್ಕೆ ನಮ್ಮ ಜಿಎಸ್‌ಟಿ ರಿಟರ್ನ್ ಹೋಗುತ್ತದೆ. ಮೊದಲ ತಿಂಗಳು ನೀವು ಜೊತೆಗೆ ಕೂತು ಬಿಲ್ ತಾಳೆ ನೋಡುವುದನ್ನು ಕಲಿಯಿರಿ. ಎರಡನೇ ತಿಂಗಳು ನೀವೇ ಸಿದ್ಧಪಡಿಸಬೇಕು. ಸಲ್ಲಿಸುವ ಮುಂಚೆ ಮ್ಯಾನೇಜರ್ ಒಮ್ಮೆ ನೋಡುತ್ತಾರೆ.' ಇದನ್ನು ಓದಿದವಳು ಭಾನುವಾರ ನೆಮ್ಮದಿಯಾಗಿ ಬಸ್ ಹತ್ತುತ್ತಾಳೆ.

ಲ್ಯಾಪ್‌ಟಾಪ್‌ಗೆ ಠೇವಣಿ ಕಟ್ಟಿ ಎಂದು ಮೇಲ್ ಬಂದರೆ ಅದನ್ನು ಮೋಸ ಎಂದೇ ತಿಳಿಯಿರಿ. ಶುಕ್ರವಾರ ಮಧ್ಯಾಹ್ನದವರೆಗೂ ಏನೂ ಬರದಿದ್ದರೆ ಸಂಕೋಚ ಬಿಟ್ಟು ಎಚ್‌ಆರ್‌ಗೆ ಫೋನ್ ಮಾಡಿ. ಶನಿವಾರ ಅಲ್ಲಿ ಯಾರೂ ಸಿಗಲಿಕ್ಕಿಲ್ಲ.